ಜ್ಯೇಷ್ಠಮಧು: ಗಂಟಲಿಗೆ ಮುಕ್ಕಳಿಸಿ ಉಗುಳಿ, ಹೊಟ್ಟೆಗೆ ತೂಗಿ ಕುಡಿಯಿರಿ

ಗ್ರಂಥಿಗೆ ಅಂಗಡಿಯಲ್ಲಿ ಕಡ್ಡಿಯಾಗಿಯೂ ಪುಡಿಯಾಗಿಯೂ ಸಿಗುವ ಜ್ಯೇಷ್ಠಮಧುವನ್ನು ಅತಿಮಧುರ, ಯಷ್ಟಿಮಧು ಎಂದೂ ಕರೆಯುತ್ತಾರೆ. ಗಂಟಲು ಕೆರೆತಕ್ಕೆ, ಹೊಟ್ಟೆಯ ಉರಿಗೆ ಇದನ್ನು ಬಳಸುವುದು ಹಳೆಯ ರೂಢಿ. ಅದೇ ಬೇರು ರಕ್ತದೊತ್ತಡವನ್ನು ಏರಿಸಬಲ್ಲದು, ರಕ್ತದ ಪೊಟ್ಯಾಷಿಯಂ ಅನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಎಷ್ಟು ಬೇರು ಹೊಟ್ಟೆಗೆ ಹೋಯಿತು, ಎಷ್ಟು ದಿನ ಹೋಯಿತು ಎಂಬುದರ ಮೇಲೆ ಇದು ನಿಂತಿದೆ. ಆದ್ದರಿಂದ ಗಂಟಲಿಗೂ ಹೊಟ್ಟೆಗೂ ಒಂದೇ ಕಷಾಯ ಮಾಡಿ ಕುಡಿಯುವ ಅಭ್ಯಾಸವನ್ನು ಮೊದಲು ಬಿಡಬೇಕು.

ಗಂಟಲು ನೋವಿಗೆ

ಗಂಟಲಿಗೆ ಬೇಕಾದದ್ದು ಬೇರಿನ ಸಾರ ಗಂಟಲಿಗೆ ತಾಗುವುದು, ಅಷ್ಟೇ. ಅದನ್ನು ನುಂಗಬೇಕಾಗಿಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನ ಗಂಟಲಿಗೆ ಕೊಳವೆ ಹಾಕಿಸಿಕೊಳ್ಳುವವರಿಗೆ ಆಮೇಲೆ ಗಂಟಲು ನೋಯುವುದು ಸಾಮಾನ್ಯ. ಲಖನೌದ ವೈದ್ಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧ ಗ್ರಾಂ ಜ್ಯೇಷ್ಠಮಧುವನ್ನು 30 ಮಿಲಿ ನೀರಿನಲ್ಲಿ ಬೆರೆಸಿ ಅರಿವಳಿಕೆಗೆ ಮುಂಚೆ ಮುಕ್ಕಳಿಸಿದವರಲ್ಲಿ ಈ ನೋವು ಕಡಿಮೆ ಇತ್ತು. ಶೀತದ ಗಂಟಲು ನೋವಿಗೆ ಇದು ನೇರ ಪುರಾವೆಯಲ್ಲ, ಆದರೂ ಅಳತೆಗೆ ಒಳ್ಳೆಯ ಆಧಾರ.

ಅದೇ ಪ್ರಮಾಣವನ್ನು ಒಂದು ಲೋಟಕ್ಕೆ ಹಿಗ್ಗಿಸಿದರೆ 180 ಮಿಲಿ ನೀರಿಗೆ 3 ಗ್ರಾಂ ಪುಡಿ. ನೀರು ಕುದಿಸಿ, ಪುಡಿ ಹಾಕಿ, ಐದು ನಿಮಿಷ ಸಣ್ಣ ಉರಿಯಲ್ಲಿಟ್ಟು, ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ಬೇರಿನ ನಾರು ಮೊದಲೇ ನೊಂದ ಗಂಟಲನ್ನು ಇನ್ನಷ್ಟು ಕೆರೆಯುತ್ತದೆ. ಉಗುರು ಬೆಚ್ಚಗಾದ ಮೇಲೆ ಎರಡು ದೊಡ್ಡ ಚಮಚದಷ್ಟು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಬಾಗಿಸಿ ಅರ್ಧ ನಿಮಿಷ ಮುಕ್ಕಳಿಸಿ ಉಗುಳಿ. ದಿನಕ್ಕೆ ಮೂರು ನಾಲ್ಕು ಬಾರಿ ಸಾಕು. ಮಿಕ್ಕದ್ದನ್ನು ಮರುದಿನಕ್ಕೆ ಇಡಬೇಡಿ. ಮುಕ್ಕಳಿಸಿ ಉಗುಳಲು ಬಾರದ ಮಕ್ಕಳಿಗೆ ಈ ವಿಧಾನ ಬೇಡ.

ಕಡ್ಡಿಯನ್ನು ಬಾಯಲ್ಲಿಟ್ಟು ದಿನವಿಡೀ ಜಗಿಯುವವರು ಅದನ್ನು ಔಷಧ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಸವೆಲ್ಲ ಹೊಟ್ಟೆಗೇ ಇಳಿಯುವುದರಿಂದ ಅದು ಕುಡಿದದ್ದಕ್ಕೆ ಸಮ. ಜೋರು ಜ್ವರ, ನುಂಗಲಾಗದ ನೋವು ಅಥವಾ ಉಸಿರಾಟದ ತೊಂದರೆ ಇದ್ದರೆ ಮುಕ್ಕಳಿಸುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ.

ಹೊಟ್ಟೆಯ ಉರಿಗೆ

ಜ್ಯೇಷ್ಠಮಧು ಆಮ್ಲವನ್ನು ತಟಸ್ಥಗೊಳಿಸುವ ಮಾತ್ರೆಯಂತೆ ಕೆಲಸ ಮಾಡುವುದಿಲ್ಲ. ಜಠರದ ಒಳಗೋಡೆಯ ಲೋಳೆಯ ಹೊದಿಕೆಯನ್ನು ಬಲಪಡಿಸುವುದೇ ಅದರ ಮುಖ್ಯ ಕೆಲಸ ಎಂದು ತಿಳಿಯಲಾಗಿದೆ. ಹಾಗಾಗಿ ಉರಿ ಬಂದ ಕ್ಷಣ ಕುಡಿದು ತಕ್ಷಣ ಶಮನ ಬಯಸಿದರೆ ನಿರಾಸೆಯಾಗುತ್ತದೆ, ನಿರಾಸೆಯಾದವರು ಪ್ರಮಾಣ ಹೆಚ್ಚಿಸುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಇಲ್ಲಿ ಚಮಚವನ್ನು ನಂಬಬೇಡಿ, ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ 2 ಗ್ರಾಂ ತೂಗಿ. 150 ಮಿಲಿ ನೀರಿನಲ್ಲಿ ಐದು ನಿಮಿಷ ಕುದಿಸಿ, ಸೋಸಿ, ಊಟದ ನಂತರ ಕುಡಿಯಿರಿ. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಎರಡು ವಾರ. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ಕಾರಣ ಬೇರೆ ಇರಬಹುದು. ನುಂಗಿದ್ದು ಸಿಕ್ಕಿಕೊಂಡಂತಾಗುವುದು, ಕಪ್ಪು ಮಲ, ತೂಕ ಇಳಿಯುವುದು ಕಂಡರೆ ಎರಡು ವಾರವೂ ಕಾಯಬೇಡಿ. ಎದೆಯುರಿಯ ಜೊತೆ ಬೆವರು, ತೋಳಿಗೆ ಅಥವಾ ದವಡೆಗೆ ಹರಡುವ ನೋವು ಬಂದರೆ ಅದು ಹೃದಯದ್ದಿರಬಹುದು, ಕೂಡಲೇ ಆಸ್ಪತ್ರೆಗೆ ಹೋಗಿ.

ಬಿಪಿ ಏರುವುದು ಹೇಗೆ

ಬೇರಿನ ಸಿಹಿಗೆ ಕಾರಣ ಗ್ಲಿಸಿರೈಜಿನ್. ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ಬರುವ ವಸ್ತು ಮೂತ್ರಪಿಂಡದ ಒಂದು ಕಿಣ್ವವನ್ನು ತಡೆಯುತ್ತದೆ. ಆ ಕಿಣ್ವ ಬಾಗಿಲ ಕಾವಲುಗಾರನಿದ್ದಂತೆ. ಉಪ್ಪು ಹಿಡಿದಿಡುವ ಆಜ್ಞೆ ಕೊಡಬೇಕಾದದ್ದು ಆಲ್ಡೋಸ್ಟೆರಾನ್ ಹಾರ್ಮೋನು. ರಕ್ತದಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚಿರುವ ಕಾರ್ಟಿಸಾಲ್ ಕೂಡ ಅದೇ ಬಾಗಿಲಿನಿಂದ ನುಗ್ಗಬಲ್ಲದು, ಕಿಣ್ವ ಅದನ್ನು ತಡೆದಿರುತ್ತದೆ. ಕಾವಲು ತಪ್ಪಿದರೆ ಕಾರ್ಟಿಸಾಲ್ ಒಳನುಗ್ಗಿ, ಮೂತ್ರಪಿಂಡ ಸೋಡಿಯಂ ಮತ್ತು ನೀರನ್ನು ಹಿಡಿದಿಟ್ಟು ಪೊಟ್ಯಾಷಿಯಂ ಅನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಬಿಪಿ ಏರುವುದು, ಕಾಲು ಊದುವುದು, ಸ್ನಾಯು ಸೋಲುವುದು ಎಲ್ಲಕ್ಕೂ ಇದೊಂದೇ ಮೂಲ.

ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ 1946ರಲ್ಲಿ ಹೊಟ್ಟೆಹುಣ್ಣಿಗೆ ಇದರ ಸಾರ ಕೊಟ್ಟಾಗ ಹುಣ್ಣಿಗೆ ಗುಣ ಕಂಡಿತು, ಆದರೆ ಕೆಲವರ ಮೈ ಊದಿಕೊಂಡಿತು. ಗುಣವೂ ದೋಷವೂ ಒಟ್ಟಿಗೇ ದಾಖಲಾದದ್ದು ಹೀಗೆ.

ಯುರೋಪಿನ ತಜ್ಞರು ಗ್ಲಿಸಿರೈಜಿನ್‌ಗೆ ಹಾಕಿದ ಮಿತಿ ದಿನಕ್ಕೆ 100 ಮಿಲಿಗ್ರಾಂ. 2024ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನದಲ್ಲಿ ಆರೋಗ್ಯವಂತ ಯುವಜನರು ಎರಡು ವಾರ ಅಷ್ಟನ್ನೇ ಸೇವಿಸಿದಾಗಲೂ ಮೇಲಿನ ಬಿಪಿ ಸರಾಸರಿ 3 ಅಂಕ ಏರಿತು. ಬೇರಿನಲ್ಲಿ ಶೇ. 4 ಗ್ಲಿಸಿರೈಜಿನ್ ಇದೆಯೆಂದುಕೊಂಡರೆ 2 ಗ್ರಾಂನಲ್ಲಿ 80 ಮಿಲಿಗ್ರಾಂ ಆಯಿತು. ಮೇಲಿನ ಅಳತೆ ಬಂದದ್ದು ಈ ಲೆಕ್ಕದಿಂದ. ಕೆಲವು ಬೇರಿನಲ್ಲಿ ಇದು ಶೇ. 4ಕ್ಕಿಂತ ಬಹಳ ಹೆಚ್ಚಿರುತ್ತದೆ, ನೋಡಿ ತಿಳಿಯುವ ದಾರಿಯಿಲ್ಲ.

ಒಂದು ಲೆಕ್ಕ

ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಸೇರಿದ ಮಾತ್ರೆ ನುಂಗುವ ಅರುವತ್ತರ ಆಸುಪಾಸಿನ ಮಹಿಳೆಯೊಬ್ಬರು ಕೆಮ್ಮು, ಉರಿ ಎರಡಕ್ಕೂ ಎಂದು ದಿನಕ್ಕೆ ಮೂರು ಬಾರಿ ಒಂದೊಂದು ಟೀ ಚಮಚ ಪುಡಿಯನ್ನು ಜೇನಿನಲ್ಲಿ ಕಲಸಿ ತಿನ್ನುತ್ತಾರೆ ಎಂದಿಟ್ಟುಕೊಳ್ಳಿ. ಚಮಚಕ್ಕೆ ಸುಮಾರು ಎರಡೂವರೆ ಗ್ರಾಂ ಹಿಡಿದರೆ ದಿನಕ್ಕೆ ಏಳೂವರೆ ಗ್ರಾಂ, ಅಂದರೆ ಸುಮಾರು 300 ಮಿಲಿಗ್ರಾಂ ಗ್ಲಿಸಿರೈಜಿನ್. ಅವರ ಮಾತ್ರೆಯೂ ಮೂತ್ರದಲ್ಲಿ ಪೊಟ್ಯಾಷಿಯಂ ಕಳೆಯುವಂಥದ್ದು. ಕೆಲವು ವಾರಗಳಲ್ಲಿ 130 ಇದ್ದ ಬಿಪಿ 150 ದಾಟಬಹುದು. ಪುಡಿಯ ವಿಷಯ ಗೊತ್ತಿಲ್ಲದ ವೈದ್ಯರು ಅದೇ ಮಾತ್ರೆಯ ಪ್ರಮಾಣ ಹೆಚ್ಚಿಸಿದರೆ ಪೊಟ್ಯಾಷಿಯಂ ಇನ್ನೂ ಇಳಿಯುತ್ತದೆ. "ಔಷಧ ಏನೇನು ತಗೋತೀರಿ?" ಎಂದಾಗ ಅಡುಗೆಮನೆಯ ಡಬ್ಬಿಯ ಹೆಸರನ್ನೂ ಹೇಳಬೇಕಾದದ್ದು ಇದಕ್ಕೇ.

ರಕ್ತದ ಸಹಜ ಪೊಟ್ಯಾಷಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್. ಇಳಿದಾಗ ಮೊದಲು ಕಾಣುವುದು ತೊಡೆಯ ಸೋಲು: ಮೆಟ್ಟಿಲು ಹತ್ತಲು, ನೆಲದಿಂದ ಏಳಲು ಕಷ್ಟ. ಜೊತೆಗೆ ಮೀನಖಂಡ ಹಿಡಿಯುವುದು, ಮಲಬದ್ಧತೆ, ಎದೆ ಡವಗುಟ್ಟುವುದು. ತೀರಾ ಇಳಿದರೆ ಹೃದಯದ ಲಯವೇ ತಪ್ಪುತ್ತದೆ. ಜ್ಯೇಷ್ಠಮಧುವಿನ ಮಿಠಾಯಿಯನ್ನು ವಾರಗಟ್ಟಲೆ ವಿಪರೀತ ತಿಂದ ಅಮೆರಿಕದ ಮ್ಯಾಸಚೂಸೆಟ್ಸ್‌ನ 54 ವರ್ಷದ ವ್ಯಕ್ತಿಯೊಬ್ಬರು ಹೀಗೆ ಹೃದಯ ಸ್ತಂಭಿಸಿ ತೀರಿಕೊಂಡದ್ದನ್ನು ವೈದ್ಯರು 2020ರಲ್ಲಿ ವರದಿ ಮಾಡಿದರು.

ಶುರುಮಾಡುವ ಮುಂಚೆ ಒಮ್ಮೆ, ಆಮೇಲೆ ಎರಡು ಮೂರು ದಿನಕ್ಕೊಮ್ಮೆ ಒಂದೇ ಹೊತ್ತಿಗೆ ಬಿಪಿ ನೋಡಿ. ಮೇಲಿನ ಅಂಕ 10 ಏರಿದರೆ, ಪಾದ ಊದಿದರೆ ಅಥವಾ ಸ್ನಾಯು ಸೋತರೆ ನಿಲ್ಲಿಸಿ, ಸೀರಂ ಎಲೆಕ್ಟ್ರೊಲೈಟ್ಸ್ ಪರೀಕ್ಷೆ ಮಾಡಿಸಿ. ಎದೆ ಡವಗುಟ್ಟಿದರೆ ಇಸಿಜಿಯೂ ಬೇಕು. ಎಳನೀರು, ಬಾಳೆಹಣ್ಣು ಜಾಸ್ತಿ ಮಾಡಿ ಬೇರನ್ನೂ ಮುಂದುವರಿಸಿದರೆ ಪ್ರಯೋಜನವಿಲ್ಲ, ಪೊಟ್ಯಾಷಿಯಂ ಸೋರುವ ದಾರಿ ತೆರೆದೇ ಇರುತ್ತದೆ. ನಿಲ್ಲಿಸಿದ ಮೇಲೂ ಇದರ ಪರಿಣಾಮ ವಾರಗಟ್ಟಲೆ ಉಳಿಯಬಹುದು, ಹಾಗಾಗಿ ಮರುಪರೀಕ್ಷೆ ತಪ್ಪಿಸಬೇಡಿ.

ಬಿಪಿ, ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇರುವವರು, ಗರ್ಭಿಣಿಯರು, ಮೂತ್ರ ಹೆಚ್ಚಿಸುವ ಮಾತ್ರೆ, ಡೈಗಾಕ್ಸಿನ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಇದನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು. ಕೆಮ್ಮಿನ ಸಿರಪ್, ಗಂಟಲಿನ ಗುಳಿಗೆಗಳ ಲೇಬಲ್ಲಿನಲ್ಲಿ ಯಷ್ಟಿಮಧು, ಮುಲೇಠಿ ಅಥವಾ ಗ್ಲಿಸಿರೈಜಾ ಗ್ಲಾಬ್ರಾ ಎಂದಿದ್ದರೆ ಅದೂ ಇದೇ ಬೇರು. ಅದನ್ನೂ ದಿನದ ಲೆಕ್ಕಕ್ಕೆ ಸೇರಿಸಿಕೊಳ್ಳಿ.