ಮೂರು ರೆಪ್ಲಿಕಾ, ಎರಡು ಉತ್ತರ

ನಮ್ಮ ಡೇಟಾಬೇಸಿಗೆ ಬೇರೆ ಬೇರೆ ಸರ್ವರ್‌ಗಳಲ್ಲಿ ಮೂರು ರೆಪ್ಲಿಕಾ, ಅಂದರೆ ಒಂದೇ ಡೇಟಾದ ಪ್ರತಿಗಳು. ಅವುಗಳಲ್ಲಿ ಎರಡರಲ್ಲಿ ಒಂದು ಖಾತೆಯ ಪಾಯಿಂಟ್ 1210 ಇತ್ತು, ಮೂರನೆಯದರಲ್ಲಿ 1200. ಅಪ್‌ಡೇಟ್ ಯಾವುದೂ ಕಳೆದುಹೋಗಿರಲಿಲ್ಲ. 1000ಕ್ಕೆ 100 ಸೇರಿಸಿ ಆಮೇಲೆ ಶೇ. 10 ಹೆಚ್ಚಿಸಿದರೆ 1210, ಶೇ. 10 ಮೊದಲು ಹೆಚ್ಚಿಸಿದರೆ 1200. ತಪ್ಪಿದ್ದು ಸರದಿ ಮಾತ್ರ.

ಅಪ್‌ಡೇಟ್‌ಗಳನ್ನು ಸಮಯ ನೋಡಿ ಜೋಡಿಸಲು ಹೋಗಿ ಸುಮ್ನೆ ಒಂದು ದಿನ ಹಾಳು ಮಾಡಿಕೊಂಡೆ. ಸರ್ವರ್‌ಗಳ ಗಡಿಯಾರಗಳೇ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಕೊನೆಗೆ, ಎಲ್ಲ ರೆಪ್ಲಿಕಾಗಳೂ ಒಂದೇ ಸರದಿಗೆ ಒಪ್ಪುವಂತೆ ನೋಡಿಕೊಳ್ಳುವ ಕನ್ಸೆನ್ಸಸ್ ಲೈಬ್ರರಿ ಹಾಕಿದೆ. ಈಗ ಪ್ರತಿ ಅಪ್‌ಡೇಟಿಗೂ ಒಂದು ಕ್ರಮಸಂಖ್ಯೆ. ಮೂರರಲ್ಲಿ ಎರಡು ರೆಪ್ಲಿಕಾ ಒಪ್ಪಿ ಬರೆದಿಟ್ಟುಕೊಂಡರಷ್ಟೇ ಅದು ಖಾಯಂ. ಮುಂದೆ ಯಾವ ಎರಡು ಸೇರಿದರೂ ಒಂದಕ್ಕಾದರೂ ಹಳೆಯ ತೀರ್ಮಾನ ಗೊತ್ತಿರುತ್ತದೆ, ಅಲ್ವಾ? ಹಾಗಾಗಿ ಅದೇ ಸಂಖ್ಯೆಗೆ ಬೇರೆ ಅಪ್‌ಡೇಟ್ ನುಸುಳುವುದಿಲ್ಲ. 7 ಬರುವ ಮೊದಲೇ 8 ಬಂದರೆ ರೆಪ್ಲಿಕಾ ಕಾಯುತ್ತದೆ. ಎರಡು ರೆಪ್ಲಿಕಾ ಕೆಟ್ಟರೆ ಮಾತ್ರ ಬರೆಯುವುದೇ ನಿಲ್ಲುತ್ತದೆ.