‘ಹಸಿ’ಗೆ ಎದುರು ಪದ ‘ಒಣ’ ಒಂದೇನಾ?

ಆರನೇ ತರಗತಿಗೆ ನಾನೇ ಬರೆದುಕೊಟ್ಟ ಹಾಳೆ ಅದು. ಹತ್ತು ಪದ, ಪಕ್ಕದಲ್ಲಿ ಖಾಲಿ ಗೆರೆ, ಮೇಲೆ ‘ವಿರುದ್ಧಾರ್ಥಕ ಪದ ಬರೆಯಿರಿ’ ಅಂತ ಒಂದು ಸಾಲು. ನಾಲ್ಕನೇ ಪದ ‘ಹಸಿ’. ನನ್ನ ಉತ್ತರ ಪಟ್ಟಿಯಲ್ಲಿ ‘ಒಣ’ ಅಂತಿತ್ತು. ಒಬ್ಬಳು ಹುಡುಗಿ ‘ಬೆಂದ’ ಅಂತ ಬರೆದಿದ್ದಳು. ತಪ್ಪು ಹಾಕಿದೆ.

ಮಾರನೇ ದಿನ ಹಾಳೆ ಹಿಡಿದುಕೊಂಡು ಬಂದಳು. “ಟೀಚರ್, ಹಸಿ ತರಕಾರಿಗೆ ಒಣ ತರಕಾರಿ ಅಂತಾರಾ? ಬೆಂದ ತರಕಾರಿ ಅಂತಾರಲ್ವಾ?” ಅಂದಳು. ನಾನು ಹಸಿ ಕಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರಶ್ನೆ ಬರೆದಿದ್ದೆ. ಅವಳು ಹಸಿ ತರಕಾರಿ ನೆನೆಸಿಕೊಂಡು ಉತ್ತರ ಬರೆದಿದ್ದಳು. ಪಕ್ಕದಲ್ಲಿ ಇನ್ನೊಂದು ಪದ ಕೊಡದೆ ಸುಮ್ನೆ ‘ಹಸಿ’ ಅಂತ ಬರೆದದ್ದು ನನ್ನ ತಪ್ಪು. ಅಂಕ ಕೊಟ್ಟೆ. ಅವತ್ತೇ ಕೂತು ‘ಹಸಿ’ ಎಲ್ಲೆಲ್ಲಿ ಬರುತ್ತದೆ ಅಂತ ಬರೆದುಕೊಂಡೆ. ಹಸಿ ಕಟ್ಟಿಗೆಗೆ ಎದುರು ಒಣ ಕಟ್ಟಿಗೆ. ಹಸಿ ತರಕಾರಿಗೆ ಬೆಂದ ತರಕಾರಿ. ಹಸಿ ಇಟ್ಟಿಗೆಗೆ ಸುಟ್ಟ ಇಟ್ಟಿಗೆ. ಹಸಿ ಗಾಯಕ್ಕೆ ಮಾಗಿದ ಗಾಯ. ಪದ ಒಂದೇ, ಎದುರು ಪದ ನಾಲ್ಕು. ಇದರಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟು ನೋಡಿ, ಬೆಂದ ಇಟ್ಟಿಗೆ ಹೇಗೋ ನಡೆದೀತು, ಮಾಗಿದ ಕಟ್ಟಿಗೆ ನಡೆಯೋದೇ ಇಲ್ಲ.

ಆಮೇಲಿಂದ ನಾನು ವಿರುದ್ಧ ಪದವನ್ನು ನೇರವಾಗಿ ಹುಡುಕೋದು ಬಿಟ್ಟೆ. ಮಕ್ಕಳಿಗೂ ಹಾಗೇ ಹೇಳಿಕೊಡುತ್ತೇನೆ. ಮೊದಲು ಪದವನ್ನು ಒಂದು ಚಿಕ್ಕ ವಾಕ್ಯದಲ್ಲಿ ಇಡಬೇಕು. ಆ ವಾಕ್ಯದಲ್ಲಿ ಅದರ ಜಾಗಕ್ಕೆ ಸರಿಯಾಗಿ ಕೂರುವ ಒಂದು ಸಮಾನಾರ್ಥಕ ಪದ ಹುಡುಕಬೇಕು. ಆಮೇಲೆ ಆ ಸಮಾನ ಪದಕ್ಕೆ ಎದುರು ಏನು ಅಂತ ಕೇಳಿಕೊಳ್ಳಬೇಕು. ಸಮಾನಾರ್ಥಕ ಮತ್ತು ವಿರುದ್ಧಾರ್ಥಕ ಅಂತ ಪುಸ್ತಕದಲ್ಲಿ ಬೇರೆ ಬೇರೆ ಪಟ್ಟಿ ಇರುತ್ತವೆ. ಆದರೆ ಮೊದಲನೆಯದು ಸರಿಯಾಗಿ ಸಿಕ್ಕರೆ ಎರಡನೆಯದಕ್ಕೆ ಅರ್ಧ ಕೆಲಸ ಮುಗಿದ ಹಾಗೆ.

‘ಗಟ್ಟಿ’ ಅನ್ನೋ ಪದದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೋರ್ಡಿನ ಮೇಲೆ ನಾಲ್ಕು ವಾಕ್ಯ ಬರೆಯುತ್ತೇನೆ. ‘ಪಾಠ ಗಟ್ಟಿಯಾಗಿ ಓದು.’ ‘ಗಂಟು ಗಟ್ಟಿಯಾಗಿದೆ.’ ‘ಹಿಟ್ಟು ಗಟ್ಟಿಯಾಯಿತು.’ ‘ಹಾಸಿಗೆ ಗಟ್ಟಿಯಾಗಿದೆ.’ ಮೊದಲು ಎದುರು ಪದ ಕೇಳೋದಿಲ್ಲ. “ಗಟ್ಟಿ ತೆಗೆದುಹಾಕಿ, ಬೇರೆ ಪದ ಇಡಿ, ಅರ್ಥ ಕೆಡಬಾರದು” ಅನ್ನುತ್ತೇನೆ. ಓದೋದಕ್ಕೆ ‘ಜೋರಾಗಿ’ ಬರುತ್ತದೆ. ಗಂಟಿಗೆ ‘ಬಿಗಿಯಾಗಿ’. ಹಿಟ್ಟಿಗೆ ‘ಮಂದ’. ಹಾಸಿಗೆ ಹತ್ತಿರ ಮಕ್ಕಳು ಸ್ವಲ್ಪ ತಡವರಿಸುತ್ತಾರೆ, ಕೊನೆಗೆ ಯಾರೋ ಒಬ್ಬರು ‘ಗಡಸು’ ಅನ್ನುತ್ತಾರೆ. ಈಗ ಎದುರು ಪದ ತಾನಾಗಿಯೇ ಬರುತ್ತದೆ. ಜೋರಾಗಿ ಅಂದರೆ ಮೆಲ್ಲಗೆ. ಬಿಗಿ ಅಂದರೆ ಸಡಿಲ. ಮಂದ ಅಂದರೆ ತೆಳು. ಗಡಸು ಅಂದರೆ ಮೆದು. ಯಾರಾದರೂ ‘ಗಂಟು ಮೆತ್ತಗಿದೆ’ ಅಂದರೆ ಕ್ಲಾಸಿನ ಉಳಿದ ಮಕ್ಕಳೇ ಅಲ್ಲ ಅನ್ನುತ್ತಾರೆ, ಯಾಕೆಂದರೆ ‘ಸಡಿಲ’ ಅನ್ನೋದು ಅಷ್ಟು ಹೊತ್ತಿಗೆ ಅವರ ಬಾಯಲ್ಲೇ ಇರುತ್ತದೆ.

ನಿಜವಾಗಿ ಕಷ್ಟ ಬರೋದು ನಾಲ್ಕು ಆಯ್ಕೆ ಕೊಟ್ಟು ಒಂದನ್ನು ಆರಿಸಿ ಅಂದಾಗ. ಎಲ್ಲವೂ ಹತ್ತಿರದ ಪದಗಳೇ ಆಗಿರುತ್ತವೆ. ‘ಸುಲಭ’ ಅನ್ನೋ ಪದಕ್ಕೆ ‘ಕಷ್ಟ, ದುಃಖ, ದುರ್ಲಭ, ಜಟಿಲ’ ಅಂತ ಕೊಟ್ಟಿದ್ದೆ. ತುಂಬಾ ಮಕ್ಕಳು ‘ದುರ್ಲಭ’ ಆರಿಸಿದರು. ಕಾರಣ ಗೊತ್ತು, ಸುಬುದ್ಧಿ ದುರ್ಬುದ್ಧಿ, ಸುಗಂಧ ದುರ್ಗಂಧ ಅಂತ ಕಲಿತ ಮೇಲೆ ‘ಸು’ ಕಂಡ ಕೂಡಲೇ ‘ದುರ್’ ಹುಡುಕುತ್ತಾರೆ. ಸಂಸ್ಕೃತದಲ್ಲಿ ಸುಲಭ ಅಂದರೆ ಸುಲಭವಾಗಿ ಸಿಗುವಂಥದ್ದು, ದುರ್ಲಭ ಅಂದರೆ ಸಿಗೋದು ಕಷ್ಟ. ಅಲ್ಲಿ ಎರಡೂ ಸರಿಯಾದ ಜೋಡಿಯೇ. ಆದರೆ ಕನ್ನಡದಲ್ಲಿ ನಾವು ‘ಲೆಕ್ಕ ಸುಲಭವಾಗಿತ್ತು’ ಅನ್ನುತ್ತೇವೆ. ಸಮಾನ ಪದ ಇಟ್ಟು ನೋಡಿದರೆ ‘ಸಲೀಸಾಗಿತ್ತು’. ಎದುರು ಪದ ಇಟ್ಟು ನೋಡಿದರೆ ‘ಲೆಕ್ಕ ದುರ್ಲಭವಾಗಿತ್ತು’ ಅಂತ ಯಾರೂ ಹೇಳೋದಿಲ್ಲ. ‘ಕಷ್ಟವಾಗಿತ್ತು’ ಅನ್ನುತ್ತಾರೆ.

‘ಜಟಿಲ’ ಯಾಕೆ ಅಲ್ಲ ಅಂತಲೂ ಕೇಳಿದರು. ಲೆಕ್ಕ ಜಟಿಲವಾಗಿತ್ತು ಅನ್ನಬಹುದಲ್ವಾ ಅಂತ. ಅನ್ನಬಹುದು. ಆದರೆ ಜಟಿಲ ಅಂದರೆ ಗೋಜಲು, ಅದರ ನೇರ ಎದುರು ‘ಸರಳ’. ಗೋಜಲೇ ಇಲ್ಲದ ಕೆಲಸವೂ ಕಷ್ಟ ಆಗಬಹುದು, ಭಾರದ ಕಲ್ಲು ಎತ್ತೋದರಲ್ಲಿ ಜಟಿಲ ಏನೂ ಇಲ್ಲ. ಇಲ್ಲಿ ನಾನು ತಿರುಗುಮುರುಗು ಮಾಡಿ ನೋಡಲು ಹೇಳುತ್ತೇನೆ. ಆರಿಸಿದ ಪದವನ್ನು ಪ್ರಶ್ನೆ ಮಾಡಿಕೊಳ್ಳಿ, ಅದಕ್ಕೆ ಮೊದಲು ನೆನಪಾಗುವ ಎದುರು ಪದ ಯಾವುದು ನೋಡಿ. ದುರ್ಲಭ ಅಂದರೆ ‘ಹೇರಳ’ ನೆನಪಾಗುತ್ತದೆ, ಜಟಿಲ ಅಂದರೆ ‘ಸರಳ’. ಹೊರಟ ಪದಕ್ಕೇ ವಾಪಸ್ ಬರದಿದ್ದರೆ ಅದು ಹತ್ತಿರದ ಪದ, ನೇರ ಎದುರು ಅಲ್ಲ.

ಆದರೆ ‘ಕಷ್ಟ’ವನ್ನೇ ಹೀಗೆ ತಿರುಗಿಸಿದರೆ ಎರಡು ದಾರಿ ತೆರೆಯುತ್ತವೆ. ಕಷ್ಟದ ಲೆಕ್ಕಕ್ಕೆ ಎದುರು ಸುಲಭದ ಲೆಕ್ಕ. ಕಷ್ಟದ ದಿನಕ್ಕೆ ಎದುರು ಸುಖದ ದಿನ. ಅದಕ್ಕೇ ‘ಕಷ್ಟಸುಖ ಮಾತಾಡಿಕೊಂಡರು’ ಅನ್ನೋದು. ಸುಖವನ್ನು ತಿರುಗಿಸಿದರೆ ದುಃಖವೂ ಬರುತ್ತದೆ, ‘ಸುಖದುಃಖ’ ಅನ್ನೋ ಜೋಡಿಯೂ ಇದೆ. ಹಾಗಂತ ದುಃಖ ಮತ್ತು ಕಷ್ಟ ಒಂದೇ ಅಲ್ಲ, ದುಃಖಕ್ಕೆ ಸುಲಭ ಯಾವತ್ತೂ ಎದುರು ಆಗೋದಿಲ್ಲ. ಇಂಥ ಜೋಡಿಗಳು ನನಗೆ ತುಂಬಾ ಇಷ್ಟ. ಲಾಭನಷ್ಟ, ಸೋಲುಗೆಲುವು, ಮೇಲುಕೀಳು, ಬೇಕುಬೇಡ, ಇವೆಲ್ಲ ಜನರ ಮಾತಿನಲ್ಲೇ ನಿಂತಿರುವ ಉತ್ತರಗಳು. ಅನುಮಾನ ಬಂದಾಗ ಜೋಡಿ ಇದೆಯಾ ಅಂತ ನೆನಪು ಮಾಡಿಕೊಳ್ಳಿ ಅಂತ ಹೇಳುತ್ತೇನೆ. ಎಲ್ಲ ಜೋಡಿಯೂ ಎದುರು ಪದ ಅಲ್ಲ ಅನ್ನೋದನ್ನೂ ಹೇಳಬೇಕಾಗುತ್ತದೆ. ಒಬ್ಬ ಹುಡುಗ ‘ಉದ್ದ’ಕ್ಕೆ ‘ಅಗಲ’ ಬರೆದಿದ್ದ, ಉದ್ದಗಲ ಅನ್ನುತ್ತಾರಲ್ಲ ಅಂತ. ಅವು ಪಕ್ಕಪಕ್ಕ ಇರುವ ಎರಡು ಅಳತೆ. ಉದ್ದ ಲಂಗಕ್ಕೆ ಎದುರು ಗಿಡ್ಡ ಲಂಗ.

‘ಅ’ ಸೇರಿಸಿ ಉತ್ತರ ಮಾಡುವ ಅಭ್ಯಾಸದ ಬಗ್ಗೆ ಒಂದೇ ಮಾತು. ನ್ಯಾಯ ಅನ್ಯಾಯ ಸರಿ. ಉಚಿತಕ್ಕೆ ಅನುಚಿತ ಅನ್ನೋದೂ ಪುಸ್ತಕದ ಪ್ರಕಾರ ಸರಿ, ಉಚಿತ ಅಂದರೆ ‘ತಕ್ಕ’ ಅಂತ ಅರ್ಥ ಇದ್ದಾಗ. ಆದರೆ ಇವತ್ತಿನ ಮಗು ‘ಉಚಿತ ಪ್ರವೇಶ’ ಓದಿರುತ್ತದೆ. ಅಲ್ಲಿ ಸಮಾನ ಪದ ‘ಪುಕ್ಕಟೆ’, ಎದುರು ‘ದುಡ್ಡು ಕೊಟ್ಟು’. ಅನುಚಿತ ಪ್ರವೇಶ ಅಂದರೆ ಅರ್ಥವೇ ಬೇರೆಯಾಗುತ್ತದೆ. ಅದಕ್ಕೇ ಈಗ ನನ್ನ ಹಾಳೆಯಲ್ಲಿ ಒಂಟಿ ಪದ ಇರೋದಿಲ್ಲ. ‘ಉಚಿತ ಸಲಹೆ’ ಅಂತ ಬರೆದರೂ ಗೊಂದಲ ಉಳಿಯುತ್ತದೆ, ಹಾಗಾಗಿ ‘ಸಮಯಕ್ಕೆ ಉಚಿತವಾದ ಮಾತು’ ಅಂತ ಬರೆಯುತ್ತೇನೆ. ಹತ್ತು ಪದದ ಜಾಗದಲ್ಲಿ ಈಗ ಆರು ವಾಕ್ಯ ಹಿಡಿಸುತ್ತದೆ. ತಿದ್ದುವಾಗ ಜಗಳ ಕಡಿಮೆ.

ಹೋದ ಸಲ ‘ಹಸಿ’ ಪಟ್ಟಿಯನ್ನು ಮತ್ತೆ ಬೋರ್ಡಿನ ಮೇಲೆ ಹಾಕಿದಾಗ ಹಿಂದಿನ ಬೆಂಚಿನಿಂದ ಒಬ್ಬ “ಹಸಿ ಸುಳ್ಳು?” ಅಂತ ಕೇಳಿದ. ಸಮಾನ ಪದ ಹುಡುಕಿದೆವು, ‘ಅಪ್ಪಟ ಸುಳ್ಳು’ ಸಿಕ್ಕಿತು. ಅಪ್ಪಟಕ್ಕೆ ಎದುರು ಕಲಬೆರಕೆ, ಆದರೆ ಕಲಬೆರಕೆ ಸುಳ್ಳು ಅಂತ ಯಾರ ಬಾಯಲ್ಲೂ ಕೇಳಿಲ್ಲ. ಒಣ ಸುಳ್ಳು, ಬೆಂದ ಸುಳ್ಳು ಎರಡನ್ನೂ ಇಟ್ಟು ನೋಡಿದೆವು, ಕೂರಲಿಲ್ಲ. ಆ ಸಾಲಿನ ಮುಂದೆ ಖಾಲಿ ಗೆರೆ ಹಾಗೇ ಬಿಟ್ಟು, ‘ಇಲ್ಲಿ ಎದುರು ಪದ ಇಲ್ಲ’ ಅಂತ ಅವನ ಕೈಯಿಂದಲೇ ಬರೆಸಿದೆ.