ಇಬ್ಬರ ಮನೆಗೆ ಕಿರಾಣಿ ತುಂಬಿದ ಲೆಕ್ಕ

ಮಗ ಸೊಸೆ ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದಾಗ ಅವರ ಅಡುಗೆಮನೆ ಹೊಂದಿಸಿಕೊಟ್ಟವಳು ನಾನು. ಮದುವೆ ಮೇ ತಿಂಗಳಲ್ಲಿತ್ತು. ನಮ್ಮ ಕಡೆ ವರ್ಷದ ಜೋಳ, ಬೇಳೆ, ಖಾರ ಎಲ್ಲವನ್ನೂ ಬೇಸಿಗೆಯಲ್ಲೇ ಹಸನು ಮಾಡಿ ತುಂಬಿಡುವ ರೂಢಿ. ಹತ್ತು ಮಂದಿ ಉಣ್ಣುವ ಮನೆಗೆ ಅದು ಸರಿ. ಇಬ್ಬರ ಮನೆಗೂ ಅದೇ ಪಟ್ಟಿ ಹಿಡಿದು ಹೋದರೆ ಅರ್ಧ ಸಾಮಾನು ಹುಳದ ಪಾಲಾಗುತ್ತದೆ. ಅದಕ್ಕೇ ನಾನು ಅಂಗಡಿಯ ದರ ನೋಡಲಿಲ್ಲ. ದಿನಕ್ಕೆ ಎಷ್ಟು ಖರ್ಚಾಗುತ್ತದೆ, ಈ ಸೆಕೆಯಲ್ಲಿ ಅದು ಎಷ್ಟು ದಿನ ತಡೆಯುತ್ತದೆ, ಇವೆರಡನ್ನೇ ಹಿಡಿದು ಪಟ್ಟಿ ಬರೆದೆ.

ಮೊದಲು ಜೋಳ. ಇಬ್ಬರಿಗೂ ಸೇರಿ ಹಗಲು ಆರು ರೊಟ್ಟಿ, ರಾತ್ರಿ ಅನ್ನದ ಜೊತೆ ಎರಡು. ಕೈಯಗಲದ ರೊಟ್ಟಿಗೆ ಹೆಚ್ಚುಕಡಿಮೆ 50 ಗ್ರಾಂ ಹಿಟ್ಟು ಬೇಕು. ಹಾಗಾದರೆ ದಿನಕ್ಕೆ 400 ಗ್ರಾಂ, ತಿಂಗಳಿಗೆ 12 ಕೆಜಿ. ಹಿಂಗಾರಿ ಬಿಳಿಜೋಳ ಆಗಷ್ಟೇ ಸುಗ್ಗಿ ಮುಗಿದು ಗಂಜ್ ಮಾರುಕಟ್ಟೆಗೆ ಬಂದಿತ್ತು, 25 ಕೆಜಿ ತಂದೆ. ಕಾಳಾಗಿದ್ದರೆ ಜೋಳ ಎರಡು ತಿಂಗಳು ಆರಾಮಾಗಿ ಇರುತ್ತದೆ. ಹಿಟ್ಟು ಮಾತ್ರ ಇರುವುದಿಲ್ಲ. ಆದ್ದರಿಂದ ಒಂದು ಸಲಕ್ಕೆ 4 ಕೆಜಿಗಿಂತ ಹೆಚ್ಚು ಬೀಸಿಸಬಾರದು ಎಂದು ಹೇಳಿಕೊಟ್ಟೆ. ಅದು ಹತ್ತು ದಿನಕ್ಕೆ ಮುಗಿಯುತ್ತದೆ.

ಹತ್ತು ದಿನ ಅಂತ ಯಾಕೆ ಅಂದರೆ, ಗೋದಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ. ಎಸರಿನ ಬಿಸಿಗೆ ಹಿಟ್ಟು ಅರೆ ಬೆಂದು ಜಿಗಿ ಬಿಡುತ್ತದೆ, ಆ ಜಿಗಿಯ ಮೇಲೆಯೇ ರೊಟ್ಟಿ ನಿಲ್ಲುತ್ತದೆ. ಬೀಸಿದ ಹಿಟ್ಟು ಹಳತಾದಂತೆ ಜಿಗಿ ಹೋಗುತ್ತದೆ. ಕಾಳಿನ ಮೊಳಕೆ ಭಾಗದಲ್ಲಿರುವ ಎಣ್ಣೆಯಂಶಕ್ಕೆ ಗಾಳಿ ತಾಗಿ ಕಹಿಯೂ ಬರುತ್ತದೆ. ನೋಡಿ ತಿಳಿಯುವುದು ಸುಲಭ. ನಾದಿದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿಟ್ಟು ಒತ್ತಿರಿ. ಅಂಚು ನುಣ್ಣಗೆ ಉಳಿದರೆ ಹಿಟ್ಟು ತಾಜಾ ಇದೆ, ಸುತ್ತಲೂ ಸಣ್ಣ ಸಣ್ಣ ಬಿರುಕು ಬಿಟ್ಟರೆ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಹಾಗಾದರೆ ಎಸೆಯಬೇಕಿಲ್ಲ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ನೀರು ಕುದಿಯಲಿಟ್ಟು, ಅರ್ಧ ಹಿಟ್ಟನ್ನು ಆ ಕುದಿಯಲ್ಲೇ ಹಾಕಿ ತಿರುವಿ, ಮುಚ್ಚಿ ಐದು ನಿಮಿಷ ಬಿಟ್ಟು, ಉಳಿದ ಹಿಟ್ಟು ಸೇರಿಸಿ ನಾದಿದರೆ ಸುಮಾರಾಗಿ ನಿಲ್ಲುತ್ತದೆ. ಕಹಿ ಬಂದ ಹಿಟ್ಟಿಗೆ ಮಾತ್ರ ಯಾವ ಉಪಾಯವೂ ಇಲ್ಲ.

ಗಿರಣಿಯಿಂದ ಬಂದ ಹಿಟ್ಟು ಬಿಸಿ ಇರುತ್ತದೆ. ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಬೆವರಿ ಗಂಟು ಕಟ್ಟಿ ಮುಗ್ಗು ವಾಸನೆ ಹಿಡಿಯುತ್ತದೆ. ಬಟ್ಟೆಯ ಮೇಲೆ ಹರವಿ ಪೂರ್ತಿ ಆರಿದ ಮೇಲೆ ತುಂಬಬೇಕು.

ಅಕ್ಕಿಯ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಿಂಧನೂರು, ಗಂಗಾವತಿ ಕಡೆಯ ಸೋನಾ ಮಸೂರಿ, ಹಳೆಯದು, 10 ಕೆಜಿ. ಹೊಸ ಅಕ್ಕಿ ಮುದ್ದೆಯಾಗುತ್ತದೆ, ಹಳೆಯದು ನೀರು ಹೆಚ್ಚು ಕುಡಿದು ಉದುರುದುರಾಗುತ್ತದೆ. ದಿನಕ್ಕೆ 200 ಗ್ರಾಂ ಹಿಡಿದರೂ ತಿಂಗಳಿಗೆ 6 ಕೆಜಿ ದಾಟುವುದಿಲ್ಲ, ಅದಕ್ಕೇ 25 ಕೆಜಿ ಚೀಲ ಬೇಡ ಅಂದೆ. ಮಂದಿ ಬಂದಾಗ ಬೇಕಾಗುವುದಕ್ಕೆ ಉಳಿದ ನಾಲ್ಕು ಕೆಜಿ ಸಾಕು.

ಬೇಳೆಯಲ್ಲಿ ತೊಗರಿ 2 ಕೆಜಿ, ಹೆಸರುಬೇಳೆ 1 ಕೆಜಿ, ಕಡ್ಲಿಬೇಳೆ ಅರ್ಧ ಕೆಜಿ. ಕಾಳುಗಳಲ್ಲಿ ಅಲಸಂದಿ, ಮಡಕಿ, ಹೆಸರುಕಾಳು ತಲಾ ಅರ್ಧ ಕೆಜಿ. ವಾರಕ್ಕೆ ಎರಡು ಸಲ 100 ಗ್ರಾಂ ನೆನೆಸಿದರೆ ಇಬ್ಬರಿಗೆ ಕಾಳುಪಲ್ಯ ಆಗುತ್ತದೆ. ಇಲ್ಲಿ ಬೇಳೆ ಬೇರೆ, ಕಾಳು ಬೇರೆ ಎಂದು ತಿಳಿದಿರಬೇಕು. ಕಾಳಿನ ಹುಳ ಮೊಟ್ಟೆ ಇಡುವುದು ಇಡಿಕಾಳಿನ ಸಿಪ್ಪೆಯ ಮೇಲೆ. ಸಿಪ್ಪೆ ತೆಗೆದು ಒಡೆದ ಬೇಳೆಗೆ ಅದರ ಕಾಟ ಕಡಿಮೆ. ಅಂಗಡಿಯಲ್ಲಿ ಅಲಸಂದಿಯನ್ನು ಅಂಗೈಗೆ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿ. ಕಾಳಿನ ಮೇಲೆ ಗಸಗಸೆಗಿಂತ ಚಿಕ್ಕ ಬಿಳಿ ಚುಕ್ಕೆ ಅಂಟಿದ್ದು, ಉಗುರಿನಿಂದ ಕೆರೆದರೆ ಮಾತ್ರ ಏಳುವಂತಿದ್ದರೆ ಅದು ಮೊಟ್ಟೆ. ಮರಿ ಅಲ್ಲಿಂದಲೇ ಕಾಳಿನೊಳಗೆ ಕೊರೆದು ಹೋಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ನಮ್ಮ ಸೆಕೆಗೆ ಸುಮಾರು ಒಂದು ತಿಂಗಳಲ್ಲಿ ದುಂಡನೆಯ ತೂತು ಮಾಡಿಕೊಂಡು ಹುಳವಾಗಿ ಹೊರಬರುತ್ತದೆ. ತಂದಾಗ ಚೆನ್ನಾಗಿದ್ದ ಕಾಳು ತಿಂಗಳಿಗೆ ಪುಡಿ ಉದುರಿಸುವುದು ಇದರಿಂದಲೇ, ಡಬ್ಬಿಯ ತಪ್ಪಲ್ಲ.

ತಂದ ಕಾಳನ್ನೆಲ್ಲ ಮಾಳಿಗೆಯ ಮೇಲೆ ಮೇ ಬಿಸಿಲಿಗೆ ತೆಳ್ಳಗೆ ಹರವಿ, ಮಧ್ಯೆ ಕೈಯಾಡಿಸಿ, ಸಂಜೆ ಮನೆಯೊಳಗೆ ತಂದು ಆರಿಸಿ ತುಂಬಿದೆವು. ಮಳೆಗಾಲದಲ್ಲಿ ಬಿಸಿಲು ಸಿಗದಾಗ ಗಟ್ಟಿ ಮುಚ್ಚಿದ ಚೀಲದಲ್ಲಿ ಒಂದು ವಾರ ಫ್ರೀಜರಿನಲ್ಲಿಟ್ಟರೂ ಮೊಟ್ಟೆ ಸಾಯುತ್ತದೆ. ಹೊರಗೆ ತೆಗೆದ ಮೇಲೆ ತಣುವು ಪೂರ್ತಿ ಹೋಗುವ ತನಕ ಚೀಲ ಬಿಚ್ಚಬಾರದು. ಬಿಚ್ಚಿದರೆ ಕಾಳಿಗೆ ನೀರು ಹಿಡಿದು ಬೂಸಲು ಬರುತ್ತದೆ. ವರ್ಷಕ್ಕೆ ಇಡುವ ತೊಗರಿಬೇಳೆಗೆ ನಮ್ಮಲ್ಲಿ ಔಡಲೆಣ್ಣೆ ಸವರುತ್ತಾರೆ, ಕೆಜಿಗೆ ಒಂದು ಟೀ ಚಮಚ ಸಾಕು. ಎರಡು ಕೆಜಿ ಬೇಳೆಗೆ ಅದರ ಗೋಜು ಬೇಕಾಗಲಿಲ್ಲ.

ತೊಗರಿಬೇಳೆ ಬೇಯುವುದಿಲ್ಲ ಎಂದು ಹೊಸ ಗೃಹಿಣಿಯರು ಅಂಗಡಿಯವರನ್ನು ದೂರುವುದುಂಟು. ಹಳೇ ಬೇಳೆಯಾದರೆ ಆ ಮಾತು ನಿಜ. ಆದರೆ ನಮ್ಮ ಬೋರಿನ ನೀರು ಗಡಸು. ಅದರಲ್ಲಿರುವ ಸುಣ್ಣದಂಶ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಯಾವುದು ಕಾರಣ ಎಂದು ತಿಳಿಯಲು ಒಂದು ಹಿಡಿ ಬೇಳೆಯನ್ನು ಬೋರಿನ ನೀರಲ್ಲಿ, ಇನ್ನೊಂದು ಹಿಡಿಯನ್ನು ಕುಡಿಯುವ ಫಿಲ್ಟರ್ ನೀರಲ್ಲಿ ಬೇರೆ ಬೇರೆ ಬಟ್ಟಲಿಗೆ ಹಾಕಿ ಒಂದೇ ಕುಕ್ಕರಿನಲ್ಲಿ ಬೇಯಿಸಿದೆ. ಫಿಲ್ಟರ್ ನೀರಿನದು ಹಿಟ್ಟಾಗಿತ್ತು, ಬೋರಿನದು ಕಾಳುಕಾಳಾಗಿಯೇ ಇತ್ತು. ಅಂದಿನಿಂದ ಬೇಳೆಗೆ ಮಾತ್ರ ಕುಡಿಯುವ ನೀರೇ ಹಾಕುತ್ತಾರೆ. ಹುಣಸೆಹುಳಿಯನ್ನೂ ಬೇಳೆ ಬೆಂದ ಮೇಲೆಯೇ ಹಾಕಬೇಕು, ಹುಳಿಯೂ ಬೇಳೆಯನ್ನು ಗಟ್ಟಿಯಾಗಿಯೇ ಉಳಿಸುತ್ತದೆ.

ಖಾರಪುಡಿಯ ಲೆಕ್ಕ ದಿನಕ್ಕೆ 10 ಗ್ರಾಂ, ತಿಂಗಳಿಗೆ 300. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಮೂರು ಪಾಲು ಬ್ಯಾಡಗಿ, ಒಂದು ಪಾಲು ಗುಂಟೂರು ಸೇರಿಸಿ ಒಂದು ಕೆಜಿ ಕುಟ್ಟಿಸಿದೆ. ಕಾಯಿಯನ್ನು ಮುರಿದರೆ ಟಪ್ಪಂತ ಸದ್ದಾಗುವ ತನಕ ಒಣಗಿರಬೇಕು. ಬಾಗಿದರೆ ಒಳಗೆ ತೇವ ಇದೆ ಎಂದರ್ಥ, ಪುಡಿ ಮಳೆಗಾಲಕ್ಕೆ ಗಂಟಾಗುತ್ತದೆ. ಮಸಾಲಿ ಖಾರಕ್ಕೆ ಬೇಕಾದ ಒಣಕೊಬ್ಬರಿ, ಬೆಳ್ಳುಳ್ಳಿ, ಹುರಿದ ಕೊತ್ತಂಬರಿ ಕಾಳು ಇವನ್ನು ಆ ಒಂದು ಕೆಜಿಗೆ ಸೇರಿಸಲಿಲ್ಲ. ಕೊಬ್ಬರಿ ಎಣ್ಣೆ ಬಿಟ್ಟು ಕಮಟು ವಾಸನೆ ಬಂದರೆ ಅಷ್ಟೂ ಖಾರ ಕೆಡುತ್ತದೆ. ಬರೀ ಖಾರ ಒಂದು ಡಬ್ಬಿಯಲ್ಲಿ, ಮಸಾಲಿ ಖಾರ 200 ಗ್ರಾಂ ಮಾತ್ರ ಇನ್ನೊಂದರಲ್ಲಿ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿಗೂ ಇದೇ ಮಾತು. ಕಾಳು ಅರ್ಧರ್ಧ ಕೆಜಿ ಇಟ್ಟುಕೊಂಡು, ಹಿಂಡಿಯನ್ನು ಹದಿನೈದು ದಿನಕ್ಕಾಗುವಷ್ಟೇ ಕುಟ್ಟಬೇಕು. ಶೇಂಗಾ ಮಾತ್ರ 1 ಕೆಜಿ ತಂದೆ, ಒಗ್ಗರಣೆ ಮಂಡಕ್ಕಿಗೂ ಅದೇ ಬೇಕು.

ಸಾಸಿವೆ, ಜೀರಿಗೆ, ಅರಿಶಿನ ತಲಾ 100 ಗ್ರಾಂ, ಇಂಗು ಚಿಕ್ಕ ಡಬ್ಬಿ, ಶೇಂಗಾ ಎಣ್ಣೆ 2 ಲೀಟರ್, ಬೆಲ್ಲ 1 ಕೆಜಿ, ಸಕ್ಕರೆ 2 ಕೆಜಿ. ಹುಣಸೆಹಣ್ಣು 1 ಕೆಜಿ, ಬೀಜ ನಾರು ತೆಗೆದು ಉಪ್ಪು ಬೆರೆಸಿ ಪಿಂಗಾಣಿ ಭರಣಿಯಲ್ಲಿ. ಅಲ್ಯೂಮಿನಿಯಂ ಡಬ್ಬಿಯನ್ನು ಹುಳಿ ಮತ್ತು ಉಪ್ಪು ಸೇರಿ ತಿಂದುಬಿಡುತ್ತವೆ.

ಪಾತ್ರೆಗಳಿಗೆ ಮೊದಲೇ ಅಂಗಡಿಗೆ ಹೋಗಬೇಡಿ. ಮುಯ್ಯಿಯಾಗಿ, ಬೀಗರ ಕಡೆಯಿಂದ ಬಾಂಡೆ ಸಾಮಾನಾಗಿ ಏನು ಬಂದಿದೆ ಎಂದು ಹರವಿ ನೋಡಿ. ಇವರಿಗೆ ಕೊಡ, ತಾಟು, ಲೋಟ, ಐದು ಲೀಟರ್ ಕುಕ್ಕರ್ ಎಲ್ಲ ಬಂದಿದ್ದವು. ದಿನದ ಅಡುಗೆಗೆ ಬೇಕಾದ ಚಿಕ್ಕವೇ ಇರಲಿಲ್ಲ. ಹಾಗಾಗಿ ಕೊಂಡಿದ್ದು ಮೂರು ಲೀಟರ್ ಕುಕ್ಕರ್, ದಪ್ಪ ತಳದ ಮೂರು ಬೋಗುಣಿ, ಹಾಲಿಗೊಂದು ಬೇರೆ, ಒಂದು ಬಾಣಲೆ, ಒಗ್ಗರಣೆ ಸೌಟು, ನಾದಲು ಅಗಲದ ಪರಾತ, ಇಕ್ಕಳ ಮತ್ತು ಹಂಚು. ಬೇಳೆ ಬೇಯಿಸುವಾಗ ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬಬಾರದು. ನೊರೆ ಎದ್ದು ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ಒಂದೆರಡು ಹನಿ ಎಣ್ಣೆ ಹಾಕಿದರೆ ನೊರೆ ತಗ್ಗುತ್ತದೆ.

ಹಂಚು ಕಬ್ಬಿಣದ್ದೇ ಬೇಕು, ದಪ್ಪ ಇರಬೇಕು. ರೊಟ್ಟಿಗೆ ಜೋರು ಉರಿ ಬೇಕು, ಮೇಲೆ ನೀರು ಸವರಬೇಕು. ನಾನ್‌ಸ್ಟಿಕ್ ಲೇಪ ಆ ಉರಿಗೆ ತಡೆಯುವುದಿಲ್ಲ. ಹೊಸ ಹಂಚನ್ನು ಸೋಪಿನಿಂದ ತಿಕ್ಕಿ ಕಾರ್ಖಾನೆಯ ಎಣ್ಣೆ ತೆಗೆದು, ಒಲೆಯ ಮೇಲೆ ಒಣಗಿಸಿ, ಶೇಂಗಾ ಎಣ್ಣೆಯನ್ನು ಬಟ್ಟೆಯಿಂದ ತೆಳ್ಳಗೆ ಸವರಿ ಹೊಗೆ ಬರುವ ತನಕ ಕಾಯಿಸಬೇಕು. ಆರಿದ ಮೇಲೆ ಮತ್ತೆ ಸವರಿ ಕಾಯಿಸಬೇಕು, ಹೀಗೆ ಮೂರು ಸಲ. ಎಣ್ಣೆ ದಪ್ಪಗೆ ಬಳಿದರೆ ಅಂಟಂಟಾಗಿ ಕೂರುತ್ತದೆ, ರೊಟ್ಟಿ ಹಿಡಿಯುತ್ತದೆ.

ಡಬ್ಬಿಗಳ ಮುಚ್ಚಳದ ಒಳಗೆ ತಂದ ತಾರೀಖು ಬರೆದ ಚೀಟಿ ಅಂಟಿಸಿದೆ. ತಿಂಗಳ ಕೊನೆಗೆ ಸೊಸೆ ಒಂದೊಂದನ್ನೂ ತೂಗಿ ಉಳಿದದ್ದನ್ನು ಬರೆದಳು. ತೊಗರಿಬೇಳೆ ಮುಕ್ಕಾಲು ಕೆಜಿ ಉಳಿದಿತ್ತು, ಕಡ್ಲಿಬೇಳೆ ಮುಟ್ಟಿರಲಿಲ್ಲ, ಶೇಂಗಾ ಪೂರ್ತಿ ಖಾಲಿ. ಮುಂದಿನ ತಿಂಗಳ ಪಟ್ಟಿಯಲ್ಲಿ ತೊಗರಿ ಒಂದೂಕಾಲು ಕೆಜಿಗೆ ಇಳಿಯಿತು, ಕಡ್ಲಿಬೇಳೆ ಬಿಟ್ಟುಹೋಯಿತು, ಶೇಂಗಾ ಒಂದೂವರೆ ಕೆಜಿಗೆ ಏರಿತು.